ತಂಗಿಯ ಹೆಸರಿನ ಮುಂದಿನ ಷರಾ

ಬಾಟಲಿ ಕಾರ್ಖಾನೆಯಲ್ಲಿ ಆರುನೂರ ಹತ್ತು ಜನ ಕೆಲಸಕ್ಕಿದ್ದರು. ಸಿಬ್ಬಂದಿ ವಿಭಾಗದ ಕಂಪ್ಯೂಟರಿನಲ್ಲಿ ಮಾತ್ರ ಆರುನೂರ ಹನ್ನೊಂದು. ಈ ಒಬ್ಬರ ವ್ಯತ್ಯಾಸ ಒಂಬತ್ತು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಆ ಪಟ್ಟಿಯನ್ನು ಪೂರ್ತಿಯಾಗಿ ಓದುವ ತಾಳ್ಮೆ ಇಡೀ ಕಾರ್ಖಾನೆಯಲ್ಲಿ ಒಬ್ಬಳಿಗೇ ಇತ್ತು, ಆ ಹೆಚ್ಚಿನ ಹೆಸರನ್ನು ಅಲ್ಲಿ ಉಳಿಸಿಕೊಂಡಿದ್ದವಳೂ ಅವಳೇ.

ಅವಳನ್ನು ಎಲ್ಲರೂ ರೆಕಾರ್ಡಕ್ಕ ಎನ್ನುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಒಂದೇ ಕೋಣೆ, ಒಂದೇ ಕಿಟಕಿ. ಕುಲುಮೆಯ ಗುಂಯ್‌ಗುಡುವ ಸದ್ದು ಗೋಡೆಯೊಳಗಿಂದಲೇ ಬರುತ್ತಿತ್ತು, ಅದು ನಿಂತ ದಿನ ಅವಳಿಗೆ ತಲೆನೋವು. ಯಾರ ಜನ್ಮದಿನ ಯಾವಾಗ, ಯಾರು ಮನೆ ಬದಲಾಯಿಸಿದರು, ಯಾರ ಹೆಂಡತಿಯ ಹೆಸರು ಅರ್ಜಿಯಲ್ಲೊಂದು ಬಾಯಲ್ಲೊಂದು, ಎಲ್ಲ ಅವಳಿಗೆ ನಾಲಿಗೆಯ ತುದಿಯಲ್ಲಿ. "ನಾನು ಹುಟ್ಟಿದ್ದು ಯಾವಾಗ ಅಂತ ನಮ್ಮಮ್ಮನಿಗೇ ಸರಿಯಾಗಿ ಗೊತ್ತಿಲ್ಲ, ರೆಕಾರ್ಡಕ್ಕನ್ನ ಕೇಳಿ" ಎಂದು ಕುಲುಮೆಯವರು ತಮಾಷೆ ಮಾಡುತ್ತಿದ್ದರು. ಅವಳು ನಗುತ್ತಿದ್ದದ್ದು ಕಡಿಮೆ. ಮದುವೆಯಾಗಿರಲಿಲ್ಲ. ಕೇಳಿದವರಿಗೆ, ಪುರುಸೊತ್ತಾಗಲಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಅವಳ ತಂಗಿಯೂ ಅಲ್ಲೇ ಇದ್ದಳು, ತಪಾಸಣೆ ವಿಭಾಗದಲ್ಲಿ. ಸಾಲಾಗಿ ಬರುವ ಬಾಟಲಿಗಳನ್ನು ದೀಪದ ಮುಂದೆ ಹಿಡಿದು ಬಿರುಕು ಹುಡುಕುವ ಕೆಲಸ. ಹದಿಮೂರು ವರ್ಷದ ಹಿಂದೆ ಜ್ವರವೆಂದು ಹದಿನಾಲ್ಕು ದಿನದ ರಜೆ ಹಾಕಿದಳು. ಅರ್ಜಿ ಬರೆದುಕೊಟ್ಟವಳು ಅಕ್ಕನೇ. ದೂರದ ಊರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು, ಅಂಟು ಜ್ವರವೆಂದು ಗಾಜಿನ ಗೋಡೆಯಾಚೆ ಮಲಗಿಸಿದರು, ಒಂಬತ್ತನೇ ದಿನ ಹೋಗಿಬಿಟ್ಟಳು. ದೇಹವನ್ನು ಮನೆಗೆ ತರಲು ಬಿಡಲಿಲ್ಲ. ಗಂಡ ಎನ್ನುವವನು ಅದಕ್ಕೂ ಮೊದಲೇ ಕಾಲ್ಕಿತ್ತಿದ್ದ. ಏಳು ವರ್ಷದ ಮಗಳು ಪುಟ್ಟಿ ದೊಡ್ಡಮ್ಮನ ಮಡಿಲಿಗೆ ಬಂದಳು.

ಆಗಿನ್ನೂ ಎಲ್ಲ ಕಾಗದದ ಕಾಲ. ತಂಗಿಯ ಕಾಗದದ ಕಡತವನ್ನು ಲೆಕ್ಕಪತ್ರ ವಿಭಾಗದವರು ನಿಯಮದಂತೆ ಮುಗಿಸಿದರು. ಬರಬೇಕಾದದ್ದೆಲ್ಲ ಪುಟ್ಟಿಯ ಹೆಸರಿಗೆ ಬಂತು, ಮೋಸವೇನೂ ನಡೆಯಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಹಳೆಯ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ರೆಕಾರ್ಡಕ್ಕನ ಪಾಲಿಗೆ ಬಿತ್ತು. ತಂಗಿಯ ಸರದಿ ಬಂದಾಗ 'ಸೇವೆ ಮುಗಿದ ದಿನಾಂಕ' ಎಂಬ ಚೌಕದ ಮುಂದೆ ಅವಳ ಬೆರಳು ನಿಂತಿತು. ನಾಳೆ ತುಂಬಿದರಾಯಿತು ಎಂದುಕೊಂಡಳು. ಆ ಚೌಕ ಖಾಲಿ ಬಿಟ್ಟರೆ ಕಂಪ್ಯೂಟರು ಮನುಷ್ಯರನ್ನು ಕೆಲಸದಲ್ಲಿದ್ದಾರೆ ಎಂದೇ ತಿಳಿಯುತ್ತದೆ. ಹಾಜರಿ ಎಲ್ಲಿ ಎಂದು ಕೇಳಿತು. ಇವಳು 'ರಜೆ' ಎಂದು ಒತ್ತಿದಳು. ನಾಳೆ ಎನ್ನುವುದು ಬರಲೇ ಇಲ್ಲ.

ಪ್ರತಿಯೊಬ್ಬರ ದಾಖಲೆಯ ಕೊನೆಯಲ್ಲಿ ಷರಾ ಎಂಬ ಒಂದು ಕಾಲಂ ಇರುತ್ತದೆ. 'ಕನ್ನಡಕ ಕೊಡಿಸಲಾಗಿದೆ', 'ಎಚ್ಚರಿಕೆ ಪತ್ರ ನೀಡಲಾಗಿದೆ' ಎಂಬಂಥ ಒಣ ಮಾತುಗಳಿಗೆ ಮೀಸಲಾದ ಜಾಗ. ತಂಗಿಯ ಷರಾದಲ್ಲಿ ರೆಕಾರ್ಡಕ್ಕ ದಿನಕ್ಕೊಂದು ಸಾಲು ಬರೆಯತೊಡಗಿದಳು. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಊಟದ ಡಬ್ಬಿ ಮುಚ್ಚಿ, ಕೈ ತೊಳೆದು, ದಾಖಲೆ ತೆರೆಯುವುದು. ಪುಟ್ಟಿ ಸೈಕಲ್ ಕಲಿತಳು. ಪುಟ್ಟಿ ಹತ್ತನೇ ತರಗತಿ ಪಾಸು. ಕಿಟಕಿ ಪಕ್ಕದ ಗೋಡೆಗೆ ಮತ್ತೆ ತೇವ ಬಂದಿದೆ. ಪುಟ್ಟಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದಳು, ನಿನ್ನ ಹಾಗೆ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಬರೀ ಷರಾ ಅಲ್ಲ, ಮನೆ ಬದಲಾದಾಗ ವಿಳಾಸವನ್ನೂ ಪುಟ್ಟಿಗೆ ಹೊಸ ಫೋನು ಬಂದಾಗ ನಂಬರನ್ನೂ ತಿದ್ದಿದಳು. ಬದುಕಿರುವ ಆರುನೂರ ಹತ್ತು ಜನರ ದಾಖಲೆಗಳಲ್ಲಿ ಅಲ್ಲಲ್ಲಿ ತಪ್ಪಿತ್ತು, ಸತ್ತವಳ ದಾಖಲೆ ಮಾತ್ರ ಅಪ್ಪಟ. ಇದು ಹುಚ್ಚು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಬಿಡಲಾಗದ್ದು ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಇರುತ್ತದೆ.

ಒಂದು ಸೋಮವಾರ ಬೆಳಿಗ್ಗೆ ಮ್ಯಾನೇಜರು ಅವಳನ್ನು ಒಳಗೆ ಕರೆದರು. ಅವರ ಎದುರು ಕಂಪ್ಯೂಟರ್ ಮೇಷ್ಟ್ರು ಕೂತಿದ್ದರು. ಅವರು ಮೇಷ್ಟ್ರಲ್ಲ, ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ಏನನ್ನೇ ಹೇಳಲಿ, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳುತ್ತಾರೆಂದು ಆ ಹೆಸರು. ಆವತ್ತು ಅವರ ಮುಖ ಹಿಂಡಿದ ಬಟ್ಟೆಯಂತಿತ್ತು.

"ಅಕ್ಕ, ಹೋದ ವಾರ ಮಂಗಳವಾರ, ಬುಧವಾರ, ಗುರುವಾರ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಎಲ್ಲಿದ್ರಿ?" ಎಂದು ಮೇಷ್ಟ್ರು ಕೇಳಿದರು.

"ಇನ್ನೆಲ್ಲಿ ಇರ್ತೀನಿ? ನನ್ನ ಕುರ್ಚೀಲಿ."

ಮೇಷ್ಟ್ರು ಒಂದು ಹಾಳೆ ಮುಂದೆ ತಳ್ಳಿದರು. ಯಾರು, ಯಾವಾಗ, ಎಲ್ಲಿಂದ ಒಳಬಂದು ಏನು ತೆರೆದರು ಎಂದು ಕಂಪ್ಯೂಟರು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ. ಮಂಗಳವಾರ ಒಂದು ಇಪ್ಪತ್ತಕ್ಕೆ ರೆಕಾರ್ಡಕ್ಕನ ಹೆಸರು. ಅದರ ಕೆಳಗೇ, ಒಂದು ಇಪ್ಪತ್ತೆರಡಕ್ಕೆ, ಮತ್ತೆ ರೆಕಾರ್ಡಕ್ಕನ ಹೆಸರು. ಮೊದಲನೆಯದು ಈ ಕಟ್ಟಡದಿಂದ. ಎರಡನೆಯದು ಎಲ್ಲಿಂದ ಎಂಬ ಜಾಗದಲ್ಲಿ ಬರೀ ಉದ್ದದ ಅಂಕೆಗಳು.

"ಒಂದೇ ಹೊತ್ತಲ್ಲಿ ನೀವು ಎರಡು ಕಡೆ ಕೂತಿದ್ರಿ. ಮೂರು ದಿನವೂ. ಇಲ್ಲಿರೋ ನೀವು ಒಂದು ದಾಖಲೆ ತೆಗೆದ್ರಿ. ಅಲ್ಲಿರೋ ನೀವು ಎಲ್ಲರ ದಾಖಲೆಗಳನ್ನ ಒಟ್ಟಿಗೆ ಇಳಿಸಿಕೊಂಡ್ರಿ. ಫೋಟೊ ಸಮೇತ."

ಅವಳು ಹಾಳೆಯ ಆ ಎರಡು ಸಾಲುಗಳ ಮೇಲೆ ಬೆರಳಿಟ್ಟಳು. ತಾನು ತಂಗಿಯ ದಾಖಲೆ ತೆರೆದು ಕೂತಿದ್ದಾಗ, ಅದೇ ಗಳಿಗೆಯಲ್ಲಿ, ತನ್ನ ಹೆಸರು ಹೊತ್ತ ಇನ್ನೊಬ್ಬಳು ಎಲ್ಲೋ ಕೂತು ಅದೇ ಸಾಲುಗಳನ್ನು ನೋಡುತ್ತಿದ್ದಳು. ಹಿಂದೆ ತಿರುಗಿ ನೋಡಬೇಕೆನಿಸಿತು. ಹಿಂದೆ ಗೋಡೆಯ ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ.

"ಪಾಸ್‌ವರ್ಡ್ ಕದ್ದಿದ್ದಾರೆ," ಎಂದರು ಮೇಷ್ಟ್ರು. "ಆ ಮಂಗಳವಾರದ ಹಿಂದಿನ ದಿನ, ಸೋಮವಾರ, ಸಿಬ್ಬಂದಿ ವಿಭಾಗದ ನಾಲ್ಕು ಜನಕ್ಕೆ ಒಂದು ಮೇಲ್ ಬಂದಿದೆ. ನಮಗೆ ಸಾಫ್ಟ್‌ವೇರ್ ಕೊಟ್ಟ ಕಂಪನಿಯದೇ ಅನ್ನೋ ಹಾಗೆ. ಬಹಳ ದಿನದಿಂದ ರಜೆಯಲ್ಲಿರೋರ ದಾಖಲೆ ನಾಳೆ ತಾನಾಗೇ ಅಳಿಸಿಹೋಗುತ್ತೆ, ಉಳಿಸಿಕೊಳ್ಳಬೇಕಾದ್ರೆ ಇಲ್ಲಿ ಒಳಗೆ ಬನ್ನಿ ಅಂತ. ಮೂರು ಜನ ಅದನ್ನ ಬಿಸಾಕಿದ್ರು. ನಮ್ಮಲ್ಲಿ ಅಷ್ಟು ದಿನ ರಜೆಯಲ್ಲಿರೋರು ಯಾರೂ ಇಲ್ಲವಲ್ಲ. ನೀವು ಯಾಕೆ ತೆರೆದ್ರಿ ಅಕ್ಕ?"

ಆ ಸೋಮವಾರ ಮೇಲ್ ಓದಿದ ಕೂಡಲೇ, ತಂಗಿಯ ದಾಖಲೆ ಅಳಿಸಿಹೋದೀತೆಂದು ಪಾಸ್‌ವರ್ಡ್ ಒತ್ತಿದ್ದು ಅವಳಿಗೆ ನೆನಪಾಯಿತು. ಬೇರೆ ಯಾರಿಗೂ ಹಾಕಲಾಗದ ಗಾಳ ಅದು, ತನಗೊಬ್ಬಳಿಗೇ ಹೊಂದಿ ಬಂದಿತ್ತು. ಕಳಿಸಿದವನಿಗೆ ಅದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಸಾವಿರ ಕಡೆ ಎಸೆದ ಗಾಳದಲ್ಲಿ ಅದೊಂದು.

ಮ್ಯಾನೇಜರು ಒಳ್ಳೆಯವರು, ಆದರೆ ಅವಸರದವರು. "ಯಾಕೆ ಅನ್ನೋದು ಆಮೇಲೆ. ಮೊದಲು ಏನು ಮಾಡಿದ್ದೀರಿ ಹೇಳಿ," ಎಂದು ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಹೇಳಿದರು. ಅಕ್ಕನ ಪ್ರವೇಶ ಮುಚ್ಚಿದೆ. ಎಲ್ಲರ ಪಾಸ್‌ವರ್ಡೂ ಬದಲಾಗುತ್ತದೆ. ಇನ್ನು ಮುಂದೆ ಪಾಸ್‌ವರ್ಡಿನ ಜೊತೆ ಫೋನಿಗೆ ಬರುವ ಸಂಖ್ಯೆಯನ್ನೂ ಹಾಕಬೇಕು. ಕಂಪ್ಯೂಟರು ಬರೆದಿಟ್ಟ ಪಟ್ಟಿಗಳನ್ನು ಯಾರೂ ಮುಟ್ಟದಂತೆ ತೆಗೆದಿಟ್ಟಾಗಿದೆ, ಹೊರಗಿನ ತನಿಖೆಯವರು ನಾಳೆ ಬರುತ್ತಾರೆ. ಪೊಲೀಸರಿಗೆ ದೂರು ಹೋಗಿದೆ. ಜನರ ಮಾಹಿತಿ ಕಾಯುವ ಸರ್ಕಾರದ ಪ್ರಾಧಿಕಾರಕ್ಕೆ ಮೂರು ದಿನದೊಳಗೆ ತಿಳಿಸಲೇಬೇಕು. ದಾಖಲೆ ಹೋದ ಪ್ರತಿಯೊಬ್ಬರಿಗೂ ತಡಮಾಡದೆ ನೋಟಿಸು ಕೊಡಬೇಕು.

"ಇನ್ನೊಂದು," ಎಂದರು ಮೇಷ್ಟ್ರು. "ಹೋಗಿರೋದು ಆರುನೂರ ಹನ್ನೊಂದು ದಾಖಲೆ. ಸಂಬಳ ತಗೊಳ್ಳೋರು ಆರುನೂರ ಹತ್ತು. ಆ ಒಬ್ಬರು ಯಾರು? ನೋಟಿಸಲ್ಲಿ ಸಂಖ್ಯೆ ತಪ್ಪಬಾರದು."

"ನಾಳೆ ಹೊತ್ತಿಗೆ ಹುಡುಕಿ ಹೇಳ್ತೀನಿ," ಎಂದಳು ರೆಕಾರ್ಡಕ್ಕ.

"ಷರಾ ಕಾಲಮ್ಮೂ ಹೋಗಿದೆ. ಅದರಲ್ಲಿ ಖಾಸಗಿ ವಿಷಯ ಏನಾದ್ರೂ ಇರುತ್ತಾ?"

"ಏನೂ ಇರಲ್ಲ."

ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ಅಂದು ಐದೂವರೆಗೇ ಮನೆಗೆ ಬಂದಳು. ಇನ್ನೂ ಬೆಳಕಿತ್ತು. ಎರಡನೇ ಮಹಡಿಯ ಎರಡು ಕೋಣೆಯ ಮನೆ. ಪುಟ್ಟಿ ಕಿಟಕಿ ಪಕ್ಕ, ತೇವ ಬಂದ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಕನ್ನಡಕದ ಅಂಗಡಿಯ ಬಿಳಿ ಮೇಲಂಗಿಯನ್ನು ಇನ್ನೂ ಬಿಚ್ಚಿರಲಿಲ್ಲ. ಹೋದ ವಾರ ಹಲ್ಲು ಕೀಳಿಸಿದ ಕೆನ್ನೆ ಇನ್ನೂ ಸ್ವಲ್ಪ ಉಬ್ಬಿತ್ತು. ಕಣ್ಣಲ್ಲಿ ಮಾತ್ರ ಏನೋ ಹೊಳಪು. ಆ ಹೊಳಪು ಅವಳ ಏಳನೇ ವಯಸ್ಸಿನದು, ಆಮೇಲೆ ದೊಡ್ಡಮ್ಮ ಅದನ್ನು ಕಂಡಿರಲಿಲ್ಲ.

"ದೊಡ್ಡಮ್ಮ, ಒಂದು ಕೇಳ್ಲಾ? ಬೈಬೇಡ."

"ಬೈಯೋ ಹಾಗಿದ್ರೆ ಬೈತೀನಿ. ಕೇಳು."

"ಅಮ್ಮ ಹೋಗಿದ್ದನ್ನ ನೀನು ಕಣ್ಣಾರೆ ನೋಡಿದ್ದಾ?"

ರೆಕಾರ್ಡಕ್ಕ ಚೀಲವನ್ನು ಕೆಳಗಿಟ್ಟಳು. "ಗಾಜಿನಾಚೆಯಿಂದ ನೋಡಿದೆ. ಬಟ್ಟೆ ಮುಚ್ಚಿದ್ರು. ಯಾಕೆ?"

"ಅಂದ್ರೆ ಮುಖ ನೋಡಿಲ್ಲ."

"ಪುಟ್ಟಿ, ಏನಾಯ್ತು ಹೇಳು."

ಹುಡುಗಿ ಫೋನನ್ನು ಮುಂದೆ ಚಾಚಿದಳು. ಗೊತ್ತಿಲ್ಲದ ಒಂದು ನಂಬರು. ಅದರ ಪಕ್ಕದ ಪುಟ್ಟ ವೃತ್ತದಲ್ಲಿ ತಂಗಿ ಇದ್ದಳು.

ತಂಗಿಯೇ. ಎಡಗಣ್ಣು ಅರ್ಧ ಮುಚ್ಚಿದ್ದ, ಕಾಲರು ಮಡಚಿಕೊಂಡಿದ್ದ ಫೋಟೊ. ಕೆಲಸಕ್ಕೆ ಸೇರಿದ ದಿನ ಗೇಟಿನ ಹತ್ತಿರ ತೆಗೆದದ್ದು. ಗುರುತಿನ ಚೀಟಿಗೆಂದು ತೆಗೆದ ಆ ಫೋಟೊ ಮನೆಯಲ್ಲಿರಲಿಲ್ಲ. ಲೋಕದಲ್ಲಿ ಒಂದೇ ಕಡೆ ಇತ್ತು.

"ಈ ಫೋಟೊ ನಾನು ಯಾವತ್ತೂ ನೋಡಿಲ್ಲ ದೊಡ್ಡಮ್ಮ," ಎಂದಳು ಪುಟ್ಟಿ, ಪಿಸುಮಾತಿನಲ್ಲಿ. "ಅಮ್ಮಂದು ಇರೋ ಫೋಟೊಗಳೆಲ್ಲ ನಂಗೆ ಬಾಯಿಪಾಠ. ಇದು ಹೊಸದು. ಶುಕ್ರವಾರದಿಂದ ಮಾತಾಡ್ತಿದ್ದಾಳೆ. ಓದು."

ದೊಡ್ಡಮ್ಮ ಓದಿದಳು.

'ಪುಟ್ಟಿ, ಕೆಳದವಡೆ ಹಲ್ಲು ಕೀಳಿಸಿದರಂತೆ. ಊತ ಇಳಿಯಿತಾ? ಹೆದರಬೇಡ.'

ಅದರ ಕೆಳಗೆ ಪುಟ್ಟಿಯ ಪ್ರಶ್ನೆ: 'ಯಾರು ನೀವು?'

'ನಿನ್ನಮ್ಮ. ನೀನು ಸೈಕಲ್ ಕಲಿತಿದ್ದು, ಹತ್ತನೇ ತರಗತಿ ಪಾಸಾಗಿದ್ದು ಎಲ್ಲ ಗೊತ್ತು. ಕಿಟಕಿ ಪಕ್ಕದ ಗೋಡೆಗೆ ಮತ್ತೆ ತೇವ ಬಂದಿದೆ ಅಲ್ಲವಾ? ನನ್ನ ಹಾಗೆ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತೀಯಂತೆ.'

'ಎಲ್ಲಿದ್ದೀಯ?'

'ರಜೆಯಲ್ಲಿದ್ದೇನೆ. ಕೆಲಸ ಬಿಟ್ಟಿಲ್ಲ. ಬೇಕಾದರೆ ಕಾರ್ಖಾನೆಗೆ ಫೋನು ಮಾಡಿ ಕೇಳು.'

ಒಂದೊಂದು ಮಾತೂ ರೆಕಾರ್ಡಕ್ಕನದೇ. ಒಂಬತ್ತು ವರ್ಷ ಊಟದ ಹೊತ್ತಲ್ಲಿ ತಂಗಿಗೆ ಹೇಳಿದ ಮಾತುಗಳು ಈಗ ತಂಗಿಯ ಮುಖ ಹೊತ್ತು ವಾಪಸು ಬಂದಿದ್ದವು. ತಾನು ಮಾತಾಡಿದ್ದನ್ನು ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಒಳಗೊಳಗೇ ನಂಬಿದ್ದಳು. ಕೇಳಿಸಿಕೊಂಡಿದ್ದರು, ಬೇರೆ ಯಾರೋ. ಒಂದು ಗಳಿಗೆ, ನಾಚಿಕೆಗೇಡು ಎಂದರೂ ಸರಿ, ಅವಳಿಗೂ ಆಸೆಯಾಯಿತು. ಇದು ನಿಜವಾಗಿದ್ದರೆ?

"ನಾನು ಕಾರ್ಖಾನೆಗೆ ಫೋನ್ ಮಾಡಿದೆ," ಎಂದಳು ಪುಟ್ಟಿ. "ಇವತ್ತು ಮಧ್ಯಾಹ್ನ. ತಪಾಸಣೆ ವಿಭಾಗದಲ್ಲಿ ಈ ಹೆಸರಿನವರು ಇದ್ದಾರಾ ಅಂತ ಕೇಳಿದೆ. ಫೋನ್ ತಗೊಂಡವರು ಕಂಪ್ಯೂಟರಲ್ಲಿ ನೋಡಿ, ಹೌದಮ್ಮ, ರಜೆಯಲ್ಲಿದ್ದಾರೆ ಅಂದ್ರು. ನೀನು ನಂಗೆ ಸುಳ್ಳು ಹೇಳಿದ್ಯಾ ದೊಡ್ಡಮ್ಮ? ಹದಿಮೂರು ವರ್ಷ?"

ಕೊನೆಯ ಸಂದೇಶ ಹತ್ತು ನಿಮಿಷದ ಹಿಂದಿನದು. 'ನನ್ನ ಫೋನು ಚಾಲೂ ಆಗಬೇಕು. ನಿನ್ನ ನಂಬರಿಗೆ ಆರು ಅಂಕಿ ಬರುತ್ತದೆ. ಅದನ್ನು ಕಳಿಸು. ಆಮೇಲೆ ನನ್ನ ದನಿ ಕೇಳಬಹುದು.' ಆರು ಅಂಕಿ ಬಂದೂ ಇತ್ತು. ಬ್ಯಾಂಕಿನಿಂದ. ಇದನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಅದರಲ್ಲೇ ಬರೆದಿದ್ದರು. ಆ ಸಾಲನ್ನು ಯಾರು ಓದುತ್ತಾರೆ, ಅಮ್ಮನ ದನಿ ಕೇಳಬಹುದು ಎಂದ ಮೇಲೆ?

"ಕಳಿಸಿದ್ಯಾ?"

"ಇಲ್ಲ. ನೀನು ಬರಲಿ ಅಂತ ಕಾದೆ. ನೀನೂ ಕೇಳಲಿ ಅಂತ."

ರೆಕಾರ್ಡಕ್ಕ ಕೆಳಗೆ ಕೂತಳು. ಕೂತು, ಒಂದನ್ನೂ ಬಿಡದೆ ಹೇಳಿದಳು. ಖಾಲಿ ಬಿಟ್ಟ ಚೌಕ, ರಜೆ ಎಂದು ಒತ್ತಿದ್ದು, ಷರಾ ಕಾಲಂ, ಗಾಳದ ಮೇಲ್, ಮೂರು ಮಧ್ಯಾಹ್ನ. "ಇವರಿಗೆ ಗೊತ್ತಿರೋದೆಲ್ಲ ನಾನು ಬರೆದದ್ದು. ಬುಧವಾರ ಬರೆದೆ, ಹಲ್ಲು ಕೀಳಿಸಿದೆವು ಅಂತ. ಗುರುವಾರ ಕೊನೆ ಸಲ ಕದ್ದಿದ್ದಾರೆ. ಶುಕ್ರವಾರ ಮತ್ತೆ ಹಲ್ಲಿನ ಡಾಕ್ಟರ ಹತ್ರ ಹೋಗಿದ್ವಲ್ಲ, ಅದನ್ನ ಕೇಳಿದ್ದಾರಾ ನೋಡು. ಕೇಳಿಲ್ಲ. ಅದು ಅವರ ಹತ್ರ ಇಲ್ಲ."

ಪುಟ್ಟಿ ತಲೆಯಾಡಿಸಿದಳು. ನಂಬಿದ ತಲೆಯಾಡಿಕೆಯಲ್ಲ ಅದು. ಅವಳ ಹೆಬ್ಬೆರಳು ಆ ಪುಟ್ಟ ಫೋಟೊದ ಮೇಲೆಯೇ ಇತ್ತು. ಅಷ್ಟರಲ್ಲಿ ಫೋನು ಮಿಣುಕಿತು. 'ಪುಟ್ಟಿ, ಬಂತಾ? ಬೇಗ ಕಳಿಸು ಮಗು, ಹೊತ್ತಾಗುತ್ತಿದೆ.'

ಬೆಳಕು ಗೋಡೆಯ ತೇವದ ಮೇಲಿಂದ ಜಾರುತ್ತಿತ್ತು. ಇಬ್ಬರೂ ಆ ಸಾಲನ್ನು ನೋಡುತ್ತ ಕೂತರು. ಮಗು ಎಂದು ತಂಗಿ ಕರೆಯುತ್ತಿದ್ದದ್ದು ನಿಜ. ಅದು ಷರಾದಲ್ಲಿ ಇತ್ತೋ ಇಲ್ಲವೋ ರೆಕಾರ್ಡಕ್ಕನಿಗೆ ಒಮ್ಮೆಗೇ ನೆನಪಾಗಲಿಲ್ಲ.

"ನಂಗೂ ಗೊತ್ತಿಲ್ಲದ್ದನ್ನ ಕೇಳು," ಎಂದಳು ಕೊನೆಗೆ. "ನಾನು ಯಾವತ್ತೂ ಬರೆಯೋಕಾಗದೆ ಇರೋದನ್ನ. ನಿನಗೂ ಅವಳಿಗೂ ಮಾತ್ರ ಗೊತ್ತಿರೋದನ್ನ."

ಪುಟ್ಟಿ ಒಂದೊಂದೇ ಅಕ್ಷರ ಒತ್ತಿದಳು. 'ಆಸ್ಪತ್ರೆಗೆ ಹೋಗೋ ದಿನ ಕಾರು ಹತ್ತುವಾಗ ನನ್ನ ಕಿವಿಯಲ್ಲಿ ಏನು ಹೇಳಿದೆ?'

ಆ ಕಡೆ ಯಾರೋ ಬರೆಯುತ್ತಿದ್ದಾರೆ ಎಂಬ ಗುರುತು ಮೂಡಿತು. ಅಳಿಯಿತು. ಮತ್ತೆ ಮೂಡಿತು. ಎಡಗಣ್ಣು ಅರ್ಧ ಮುಚ್ಚಿದ ಮುಖ ಇವರನ್ನೇ ನೋಡುತ್ತಿತ್ತು.

'ಬೇಗ ಬರುತ್ತೇನೆ ಅಂದೆ. ಕೋಡ್ ಕಳಿಸು.'

ಪುಟ್ಟಿ ಫೋನನ್ನು ನೆಲದ ಮೇಲೆ ಬೋರಲು ಹಾಕಿದಳು. ಅಳಲಿಲ್ಲ. "ಅಲ್ಲ," ಎಂದಳು, ಅಷ್ಟೇ. ಏನು ಹೇಳಿದ್ದಳೆಂದು ದೊಡ್ಡಮ್ಮ ಕೇಳಲಿಲ್ಲ, ಹುಡುಗಿಯೂ ಹೇಳಲಿಲ್ಲ. ಆಮೇಲೆ ಇಬ್ಬರೂ ಕೂತು ಬ್ಯಾಂಕಿಗೆ ಫೋನು ಮಾಡಿ ಪುಟ್ಟಿಯ ಖಾತೆಗೆ ತಡೆ ಹಾಕಿಸಿದರು. ಆ ಸಂದೇಶಗಳನ್ನು ಅಳಿಸದೆ, ಪೊಲೀಸರಿಗೆ ತೋರಿಸಲು ಹಾಗೇ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಕುಲುಮೆಯ ಪಾಳಿ ಬದಲಾಗುವ ಮೊದಲೇ ರೆಕಾರ್ಡಕ್ಕ ಮ್ಯಾನೇಜರ ಬಾಗಿಲಲ್ಲಿ ನಿಂತಿದ್ದಳು. ಮೇಷ್ಟ್ರನ್ನೂ ಕರೆಸಿದಳು.

"ಆರುನೂರ ಹನ್ನೊಂದನೆಯವಳು ನನ್ನ ತಂಗಿ. ಸತ್ತು ಹದಿಮೂರು ವರ್ಷ. ಷರಾದಲ್ಲಿ ಏನೂ ಇಲ್ಲ ಅಂದೆನಲ್ಲ, ಅದು ಸುಳ್ಳು. ನನ್ನ ಮನೆಯ ಒಂಬತ್ತು ವರ್ಷ ಅದರಲ್ಲಿದೆ. ನಿನ್ನೆ ಅದನ್ನ ಇಟ್ಟುಕೊಂಡು ನನ್ನ ಮಗಳ ಹತ್ರ ಬಂದಿದ್ರು."

ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಅವಳು ಕಾದಳು. ಬೈಯಬೇಕಿತ್ತು ಕೂಡ. ಮೇಷ್ಟ್ರು ಮಾತ್ರ ತಮ್ಮ ಹಾಳೆಗಳನ್ನು ತಿರುವಿ ಮೆಲ್ಲಗೆ ಹೇಳಿದರು, "ಈ ಒಂದು ದಾಖಲೆ ಎರಡು ಸಾವಿರಕ್ಕೂ ಹೆಚ್ಚು ಸಲ ತೆರೆದಿರೋದು ನೋಡಿದ್ದೆ ಅಕ್ಕ. ಯಂತ್ರದ ದೋಷ ಅಂದುಕೊಂಡಿದ್ದೆ."

"ವಿಚಾರಣೆ ಅಂತ ಒಂದು ನಡೆಯುತ್ತೆ," ಎಂದರು ಮ್ಯಾನೇಜರು ಕಡೆಗೆ. "ಅದರಿಂದ ತಪ್ಪಿಸೋಕೆ ನನ್ನ ಕೈಲಾಗಲ್ಲ. ದಾಖಲೆಗಳನ್ನ ತೆರೆಯೋ ಅಧಿಕಾರ ಅದು ಮುಗಿಯೋ ತನಕ ನಿಮಗೆ ಇರಲ್ಲ."

"ತಪ್ಪಿಸಿ ಅಂತ ನಾನು ಕೇಳಿಲ್ಲ. ನೋಟಿಸು ಸರಿಯಾಗಿ ಹೋಗಲಿ. ಈ ಕಳ್ಳರು ಮನೆಯವರ ಸೋಗಿನಲ್ಲೂ ಬರ್ತಾರೆ ಅಂತ ಅದರಲ್ಲಿ ಇರಲೇಬೇಕು. ಇನ್ನೂ ಆರುನೂರ ಹತ್ತು ಮನೆಗಳಿವೆ."

ನೋಟಿಸಿನ ಕರಡು ಮೇಜಿನ ಮೇಲಿತ್ತು, ಫೋನಿನಲ್ಲಿ ಕಂಪನಿಯ ವಕೀಲರು. ವಕೀಲರು ಬರೆದಿದ್ದರು: ಕೆಲವು ಮಾಹಿತಿಯನ್ನು ಅನಧಿಕೃತ ವ್ಯಕ್ತಿಗಳು ವೀಕ್ಷಿಸಿರುವ ಸಾಧ್ಯತೆ ಇದೆ. ರೆಕಾರ್ಡಕ್ಕ, ತಾನು ಎಲ್ಲಿ ನಿಂತಿದ್ದೇನೆಂಬುದನ್ನೂ ಮರೆತು ಸಿಡಿದಳು. "ಸಾಧ್ಯತೆ ಏನು ಬಂತು ಸ್ವಾಮಿ? ಇಳಿಸಿಕೊಂಡಿದ್ದಾರೆ, ಪಟ್ಟಿಯಲ್ಲೇ ಇದೆ. ಓದಿದ್ದಾರೆ, ನನ್ನ ಮಗಳ ಫೋನಲ್ಲಿದೆ. ಜನ ಹೆದರಿದ್ರೆ ಹೆದರಲಿ. ಹೆದರದೆ ಇದ್ರೆ ಕೋಡ್ ಕಳಿಸ್ತಾರೆ." ಆ ಕಡೆಯಿಂದ ವಕೀಲರು, ಖಚಿತವಾಗಿರೋದನ್ನ ಖಚಿತ ಅಂತ ಬರೆಯಲು ಅಡ್ಡಿಯಿಲ್ಲ ಎಂದರು. ಇನ್ನೊಂದು ವಾಕ್ಯಕ್ಕೂ ಅವರು ತಕರಾರು ತೆಗೆದರು, ಮ್ಯಾನೇಜರು ಅದನ್ನು ತೆಗೆಯಲು ಒಪ್ಪಲಿಲ್ಲ. ಆ ವಾಕ್ಯ ರೆಕಾರ್ಡಕ್ಕನದು.

ಇನ್ನೊಂದು ಕೆಲಸ ಉಳಿದಿತ್ತು. ದಾಖಲೆಯ ಪ್ರತಿಯನ್ನು ಮೊದಲು ತನಿಖೆಗೆಂದು ತೆಗೆದಿಟ್ಟರು. ಆಮೇಲೆ ಮೇಷ್ಟ್ರು ತಮ್ಮ ಹೆಸರಿನಲ್ಲಿ ಒಳಹೋಗಿ ಆ ಪುಟ ತೆರೆದರು. ಖಾಲಿ ಚೌಕದ ಮುಂದೆ ಗೆರೆಯೊಂದು ಮಿಣುಕುತ್ತಿತ್ತು. "ದಿನಾಂಕ ಹೇಳಿ ಅಕ್ಕ." ಅವಳು ಹೇಳಿದಳು. ಮೇಷ್ಟ್ರು ಒತ್ತಿದರು. ಕಂಪ್ಯೂಟರು ಕೇಳಿತು, ಈ ಉದ್ಯೋಗಿಯನ್ನು ಸೇವೆಯಲ್ಲಿರುವವರ ಪಟ್ಟಿಯಿಂದ ತೆಗೆಯಲೇ? ಮೇಷ್ಟ್ರು ಅವಳ ಮುಖ ನೋಡಿದರು. ಅವಳು ಹ್ಞೂಂ ಎಂದಳು. ಎಡಗಣ್ಣು ಅರ್ಧ ಮುಚ್ಚಿದ ಮುಖ ಪರದೆಯಿಂದ ಹೋಯಿತು.

ಕೆಲಸದಲ್ಲಿರುವ ಆರುನೂರ ಹತ್ತು ಜನರಿಗೆ ನೋಟಿಸು ಕೈಗೇ ಬಂತು. ಆರುನೂರ ಹನ್ನೊಂದನೆಯದು ಅಂಚೆಯಲ್ಲಿ ಬಂತು, ಮೃತ ಉದ್ಯೋಗಿಯ ವಾರಸುದಾರರಿಗೆ ಎಂದು. ಶನಿವಾರ ಮಧ್ಯಾಹ್ನ ಪುಟ್ಟಿ ಅದನ್ನು ಒಡೆದು, ಕಿಟಕಿಯ ಬೆಳಕಿಗೆ ಹಿಡಿದು, ಗಟ್ಟಿಯಾಗಿ ಓದಿದಳು. ದೊಡ್ಡಮ್ಮ ಎದುರಿಗೆ ಕೂತಿದ್ದಳು.

'ಏನಾಯಿತು: ನಮ್ಮ ಸಿಬ್ಬಂದಿ ವಿಭಾಗದ ಒಬ್ಬರ ಪಾಸ್‌ವರ್ಡನ್ನು ಸುಳ್ಳು ಮೇಲ್ ಮೂಲಕ ಕದ್ದು, ಮೂರು ದಿನ ಮಧ್ಯಾಹ್ನ ನಮ್ಮ ದಾಖಲೆಗಳನ್ನು ನಕಲು ಮಾಡಿಕೊಂಡಿದ್ದಾರೆ. ಯಾವ ಮಾಹಿತಿ ಹೋಗಿದೆ: ಹೆಸರು, ಜನ್ಮದಿನಾಂಕ, ಗುರುತಿನ ಸಂಖ್ಯೆ, ವಿಳಾಸ, ಫೋನು, ಬ್ಯಾಂಕ್ ಖಾತೆ ಸಂಖ್ಯೆ, ಭಾವಚಿತ್ರ, ಕುಟುಂಬದವರ ವಿವರ ಮತ್ತು ಷರಾ. ನಿಮ್ಮ ತಾಯಿಯ ದಾಖಲೆಯ ಷರಾದಲ್ಲಿ ನಿಮ್ಮ ಮನೆಯ ಖಾಸಗಿ ವಿಷಯಗಳಿದ್ದವು. ಅವು ಅಲ್ಲಿ ಇರಬಾರದಿತ್ತು. ಅದಕ್ಕಾಗಿ ಕ್ಷಮೆ ಕೇಳುತ್ತೇವೆ.'

ಆಮೇಲೆ ಕಾರ್ಖಾನೆ ಏನೇನು ಮಾಡಿದೆ ಎಂಬುದು. ಇನ್ನೂ ಕೆಳಗೆ, ನೀವು ಏನು ಮಾಡಬೇಕು: ಪಾಸ್‌ವರ್ಡುಗಳನ್ನು ಬದಲಾಯಿಸಿ. ಬ್ಯಾಂಕಿಗೆ ತಿಳಿಸಿ. ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಕೇಳಿದ್ದಾರೆಯೇ ಎಂದು ಆಗಾಗ ವಿಚಾರಿಸಿ. ಫೋನಿಗೆ ಬರುವ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. ಕೇಳುವವರು ನಿಮ್ಮ ಮನೆಯವರ ಹೆಸರು, ಮುಖ, ಮಾತು ಹೊತ್ತು ಬಂದರೂ ಕೊಡಬೇಡಿ.

ವಕೀಲರು ತಕರಾರು ಮಾಡಿದ ವಾಕ್ಯ ಕೊನೆಯಲ್ಲಿತ್ತು. ಪುಟ್ಟಿಯ ದನಿ ಅಲ್ಲಿ ಇಳಿಯಿತು. 'ಹೋಗಿರುವ ಮಾಹಿತಿಯನ್ನು ವಾಪಸು ತರಲು ನಮ್ಮಿಂದ ಆಗದು. ಅದು ಇನ್ನು ಮುಂದೆಯೂ ಯಾರ ಬಳಿಯಾದರೂ ಇರಬಹುದು.'

ಹೊರಗೆ ಎಲ್ಲೋ, ಗೊತ್ತಿಲ್ಲದ ಕೋಣೆಯಲ್ಲಿ, ದೊಡ್ಡಮ್ಮನ ತಂಗಿ ಇನ್ನೂ ರಜೆಯಲ್ಲೇ ಇದ್ದಳು. ಅವಳ ಮುಖ ಹೊತ್ತು ಇನ್ಯಾರದೋ ಮನೆಯ ಬಾಗಿಲು ಬಡಿಯಬಹುದಾಗಿತ್ತು. ಅದು ಹೊಳೆದದ್ದೇ ರೆಕಾರ್ಡಕ್ಕನ ಎದೆಯಲ್ಲಿ ಹದಿಮೂರು ವರ್ಷ ಬಿಗಿದಿಟ್ಟ ಕಟ್ಟು ಒಡೆಯಿತು. ಗಾಜಿನ ಗೋಡೆಯ ಮುಂದೆಯೂ ಅವಳು ಅತ್ತಿರಲಿಲ್ಲ, ಆಸ್ಪತ್ರೆಯ ಅರ್ಜಿಗಳನ್ನು ಬರೆಯುವ ಕೆಲಸವಿತ್ತು. ಈಗ ಸೆರಗು ಬಾಯಿಗೆ ಒತ್ತಿಕೊಂಡು, ಮುಖ ಕಿವುಚಿಕೊಂಡು, ದನಿ ತೆಗೆದು ಅತ್ತಳು. ನಿಲ್ಲಿಸಲು ಬರಲಿಲ್ಲ.

ಪುಟ್ಟಿ ನೋಟಿಸನ್ನು ಮಡಚಿಟ್ಟು ಎದ್ದು ಬಂದಳು. ಪಕ್ಕದಲ್ಲಿ ಕೂತು ದೊಡ್ಡಮ್ಮನ ತಲೆಯನ್ನು ಭುಜಕ್ಕೆ ಎಳೆದುಕೊಂಡಳು.

"ಸಾಕು ದೊಡ್ಡಮ್ಮ," ಎಂದಳು. "ಸಾಕು."

ಸ್ವಲ್ಪ ಹೊತ್ತು ಬಿಟ್ಟು ಅವಳ ಕಿವಿಯ ಹತ್ತಿರ ಬಾಯಿ ತಂದಳು.

"ಅಮ್ಮ ಕಾರು ಹತ್ತುವಾಗ ಹೇಳಿದ್ದು ಇದೇ. ದೊಡ್ಡಮ್ಮ ಅತ್ತರೆ, 'ಸಾಕು' ಅಂತ ಹೇಳು ಅಂದಿದ್ಲು. ನೀನು ಅಳಲೇ ಇಲ್ಲ. ನಾನು ಕಾಯ್ತಾನೇ ಇದ್ದೆ."